ಸಹಾಯ ಬೇಕು: ಹೆಡ್‌ಲೈಟ್ ಬಿದ್ದರೆ ಗೇಟಿನ ದೀಪ ಆರಿಹೋಗುತ್ತಿದೆ

ಗೇಟಿನ ದೀಪಕ್ಕೆ ಆರ್ಡುಯಿನೊ, ರಿಲೇ ಹಾಕಿದ್ದೇನೆ. ಎಲ್‌ಡಿಆರ್ 5 ವೋಲ್ಟಿಗೆ, 10 ಕಿಲೋಓಮ್ ರೆಸಿಸ್ಟರ್ ಗ್ರೌಂಡಿಗೆ, ಎರಡರ ನಡುವಿನಿಂದ A0 ಪಿನ್ನಿಗೆ ವೈರ್, ಹಾಗಾಗಿ ಬೆಳಕು ಜಾಸ್ತಿಯಾದರೆ ರೀಡಿಂಗ್ ಏರುತ್ತದೆ. ಮೂರು ಸಂಜೆ ಕೂತು ನೋಡಿ, 250ಕ್ಕಿಂತ ಇಳಿದರೆ ಆನ್, 400 ದಾಟಿದರೆ ಆಫ್ ಅಂತ ಇಟ್ಟೆ. ಮುಸ್ಸಂಜೆಯ ಮಿಣುಕಾಟ ನಿಂತಿತು. ಆದರೆ ತಿರುವಿನಲ್ಲಿ ಕಾರು ಬಂದರೆ ರೀಡಿಂಗ್ ಮೂರ್ನಾಲ್ಕು ಸೆಕೆಂಡು 700ಕ್ಕೆ ಹಾರುತ್ತದೆ, ರಿಲೇ ಟಕ್ ಅನ್ನುತ್ತದೆ, ಅಮ್ಮ ಮೆಟ್ಟಿಲ ಮೇಲೆ ಕತ್ತಲಲ್ಲಿ ನಿಲ್ಲಬೇಕು. ಆಫ್ ಮಿತಿ 750 ಮಾಡಿದರೆ ಪೋರ್ಟಿಕೋ ನೆರಳಿಗೆ ಬೆಳಗಾದರೂ ದೀಪ ಆರುವುದಿಲ್ಲ.

400ರ ಮೇಲೆ ಸತತ 60 ಸೆಕೆಂಡು ಇದ್ದರೆ ಮಾತ್ರ ಆಫ್, ನಡುವೆ ಇಳಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಅಂತ ಬರೆಯೋಣ ಅಂದುಕೊಂಡಿದ್ದೇನೆ. ಎದುರುಮನೆಯವರು ಹೆಡ್‌ಲೈಟ್ ಹಾಕಿಕೊಂಡೇ 2 ನಿಮಿಷ ನಿಲ್ಲುತ್ತಾರೆ, ಹಾಗಾದರೆ 5 ನಿಮಿಷ ಇಡಲಾ? ಎಲ್‌ಡಿಆರ್‌ಗೆ ಕಪ್ಪು ಪೈಪಿನ ತುಂಡು ತೊಡಿಸಿ ಆಕಾಶದ ಕಡೆ ತಿರುಗಿಸಿದವರು ಇದ್ದೀರಾ? ಆಮೇಲೆ ಮಿತಿಗಳನ್ನು ಎಷ್ಟಕ್ಕೆ ಇಳಿಸಿದಿರಿ?