ನಾಲ್ಕನೇ ಅಡ್ಡರಸ್ತೆ: ಇಂಗುಗುಂಡಿ ಉಕ್ಕಿದ್ದು ಏಕೆ?

ಸುಮಾ (14): ರಾತ್ರಿ ಹತ್ತೂವರೆಗೆ ಎದ್ದು ಬಾಗಿಲಿಗೆ ಗೋಣಿಚೀಲ ಒತ್ತಿದವಳು ನಾನು. ಸಂಪಿನೊಳಗೆ ಕೆಸರು, ನಡುಮನೆಯಲ್ಲಿ ಪಾದ ಮುಳುಗುವಷ್ಟು ನೀರು. ಬಂದದ್ದೆಲ್ಲ ಆ ಅಪಾರ್ಟ್‌ಮೆಂಟಿನ ಗೇಟಿನಿಂದಲೇ. ಹೋದ ವರ್ಷ ಇಂಗುಗುಂಡಿಗೆ ಪೂಜೆ ಮಾಡಿ ಕೇಸರಿಬಾತ್ ಹಂಚಿದಿರಲ್ಲ, ಅದೇ ಗುಂಡಿ ಬುಗ್ಗೆಯಂತೆ ಉಕ್ಕುತ್ತಿತ್ತು. ದಿನೇಶ್ ಅವರೇ, ಈಗ ಉತ್ತರ ಕೊಡಿ.

ದಿನೇಶ್ (ಅಪಾರ್ಟ್‌ಮೆಂಟ್ ಕಾರ್ಯದರ್ಶಿ): ಮೇಡಂ, ಬೇಸರವಾಗಿದೆ, ಒಪ್ಪುತ್ತೇನೆ. ಆದರೆ ಗುಂಡಿಯನ್ನು ಗುತ್ತಿಗೆದಾರರು ಹೇಳಿದ ಅಳತೆಗೇ ತೆಗೆಸಿದ್ದೇವೆ. ನಾಲ್ಕು ಅಡಿ ಅಗಲ, ನಾಲ್ಕು ಅಡಿ ಉದ್ದ, ಆರು ಅಡಿ ಆಳ. ಬಾಯಿಯವರೆಗೆ ಜಲ್ಲಿ, ಮರಳು ತುಂಬಿದೆ. ನಿನ್ನೆಯದು ಅಸಾಮಾನ್ಯ ಮಳೆ.

ಶ್ರೀಕಂಠಯ್ಯ (3): ಅಸಾಮಾನ್ಯವೇನೂ ಅಲ್ಲ. ನಾನು ಮೊದಲೇ ಹೇಳಿದ್ದೆ, ಈ ಇಂಗುಗುಂಡಿಯೇ ದಂಡ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ನಿಮ್ಮ ತಾರಸಿ 200 ಚದರ ಮೀಟರ್. ಗುಣಿಸಿ ನೋಡಿ, ಎರಡು ಲಕ್ಷ ಲೀಟರಿಗೆ ಹತ್ತಿರ. ಅಷ್ಟು ನೀರು ಆ ಗೂಡಿನಲ್ಲಿ ಹಿಡಿಯುತ್ತದೆಯೇ? ಇನ್ನೊಂದು ಮಾತು: 14ನೇ ಮನೆಯವರು ಕಾರಿಗೆಂದು ಚರಂಡಿಯ ಮೇಲೆ ಇಳಿಜಾರು ಕಟ್ಟಿದ್ದಾರೆ. ಅದನ್ನೂ ಮಾತನಾಡೋಣ.

ಸುಮಾ (14): ನನ್ನ ಇಳಿಜಾರಿಗೆ ಹತ್ತು ವರ್ಷ. ನೀರು ಬಂದದ್ದು ಈ ವರ್ಷ.

ಲಲಿತಮ್ಮ (9): 🌸 ಶುಭೋದಯ 🌸 ಬೆಳಗ್ಗೆ ತಾಮ್ರದ ಚೊಂಬಿನಲ್ಲಿ ಇಟ್ಟ ನೀರು ಕುಡಿದರೆ ಏಳು ರೋಗಗಳು ದೂರ. ಹತ್ತು ಜನರಿಗೆ ಕಳುಹಿಸಿ.

ಕಿರಣ್ (17): ಅಮ್ಮ, ಸುಮಾ ಅವರ ನಡುಮನೆಯಲ್ಲಿ ಬೇಕಾದಷ್ಟಿದೆ, ಚೊಂಬು ತಂದರೆ ಸಾಕು.

ನಸ್ರೀನ್ (22, ಮೇಲಿನ ಮನೆ): ಶ್ರೀಕಂಠಯ್ಯನವರ ಗುಣಾಕಾರ ಸರಿ, ಆದರೆ ಗುಂಡಿಯ ಅಳತೆಗೆ ವರ್ಷದ ಮಳೆ ಬೇಕಿಲ್ಲ. ಗುಂಡಿಯಿಂದ ನೀರು ದಿನವೂ ಮಣ್ಣಿಗೆ ಇಳಿಯುತ್ತಿರುತ್ತದೆ. ಅದು ತಾಳಬೇಕಾದದ್ದು ಜೋರು ಮಳೆಯ ಆ ಸ್ವಲ್ಪ ಹೊತ್ತನ್ನು. ನಿನ್ನೆ ಎಷ್ಟು ಬಿತ್ತು, ಯಾರಾದರೂ ಅಳೆದಿದ್ದೀರಾ?

ಕಿರಣ್ (17): ತಾರಸಿಯಲ್ಲಿ ಮರೆತ ಕೊಳಗದಲ್ಲಿ ಎರಡು ಇಂಚು ನೀರಿತ್ತು. ನೇರ ಗೋಡೆಯ ಪಾತ್ರೆಯೇ. ಹತ್ತಕ್ಕೆ ಶುರುವಾಗಿ ಹನ್ನೊಂದಕ್ಕೆ ನಿಂತಿತು.

ನಸ್ರೀನ್ (22): ಹಾಗಾದರೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. 200 ಚದರ ಮೀಟರಿಗೆ 10,000 ಲೀಟರ್. ತಾರಸಿ ನೆನೆಯುವುದು, ಸಿಡಿಯುವುದು ಕಳೆದರೆ ಕೊಳವೆಗೆ ಬಂದದ್ದು 8,500 ಎನ್ನಿ.

ಈಗ ಗುಂಡಿ. 4×4×6 ಎಂದರೆ 96 ಘನ ಅಡಿ, ಅಂದರೆ 2,700 ಲೀಟರ್. ಆದರೆ ಅದು ಬರಿದಾದ ಗುಂಡಿಯ ಲೆಕ್ಕ. ಜಲ್ಲಿ ತುಂಬಿದ ಮೇಲೆ ನೀರಿಗೆ ಉಳಿಯುವುದು ಕಲ್ಲುಗಳ ನಡುವಿನ ಸಂದು ಮಾತ್ರ, ಹೆಚ್ಚೆಂದರೆ ನೂರಕ್ಕೆ ನಲವತ್ತು. ಸುಮಾರು 1,080 ಲೀಟರ್. ನಿನ್ನೆಯ ವೇಗಕ್ಕೆ ಎಂಟೇ ನಿಮಿಷದಲ್ಲಿ ತುಂಬಿರುತ್ತದೆ. ಉಳಿದದ್ದೆಲ್ಲ ಬೀದಿಗೆ.

ಶ್ರೀಕಂಠಯ್ಯ (3): ಬಾಡಿಗೆಗೆ ಇರುವವರು ಬಡಾವಣೆಯ ಇತಿಹಾಸ ತಿಳಿಯದೆ ಮಾತನಾಡಬಾರದು. ಈ ಜಾಗ ಹಿಂದೆ ಕೆರೆಯ ಅಂಗಳ. ನೀರು ಇಂಗುವುದೇ ಇಲ್ಲ.

ನಸ್ರೀನ್ (22): ಅದನ್ನು ಪರೀಕ್ಷೆ ಮಾಡಿಯೇ ತಿಳಿಯಬಹುದು, ಸರ್. ದಿನೇಶ್ ಅವರೇ, ಗುಂಡಿಯಲ್ಲಿ ಈಗಲೂ ನೀರು ನಿಂತಿದೆಯೇ? ನಿಂತಿದ್ದರೆ ಒಂದು ಮೂಲೆಯಲ್ಲಿ ಜಲ್ಲಿ ತೆಗೆಸಿ, ಮರಳಿನ ಪದರಕ್ಕೆ ಹಾರೆ ಚುಚ್ಚಿಸಿ ನೋಡಿ.

ನಂಜುಂಡಪ್ಪ (11): ನಮ್ಮ ಬೋರ್‌ವೆಲ್ ಎರಡು ವರ್ಷದಿಂದ ಬತ್ತಿದೆ. ತಾರಸಿಯ ಕೊಳವೆಯನ್ನು ನೇರವಾಗಿ ಅದರ ಕೇಸಿಂಗಿಗೆ ಬಿಟ್ಟರೆ ಆಗುವುದಿಲ್ಲವೇ? ಗುಂಡಿಯ ರಗಳೆಯೇ ಇರುವುದಿಲ್ಲ.

ನಸ್ರೀನ್ (22): ಬೇಡ, ನಂಜುಂಡಪ್ಪನವರೇ. ತಾರಸಿಯ ಪಾರಿವಾಳದ ಹಿಕ್ಕೆ, ದೂಳು ಎಲ್ಲ ನೇರವಾಗಿ ಅಂತರ್ಜಲಕ್ಕೆ ಹೋಗುತ್ತದೆ. ಅಕ್ಕಪಕ್ಕದವರು ಎತ್ತಿ ಕುಡಿಯುವುದೂ ಅದನ್ನೇ.

ದಿನೇಶ್: ಮಧ್ಯಾಹ್ನದ ವರದಿ. ಬೆಳಗ್ಗೆಯಿಂದ ನೀರು ಒಂದು ಅಂಗುಲವೂ ಇಳಿದಿರಲಿಲ್ಲ. ಮೇಲೆ ದಪ್ಪ ಕಲ್ಲು, ನಡುವೆ ಇಪ್ಪತ್ತು ಮಿಲಿಮೀಟರ್ ಜಲ್ಲಿ, ತಳದಲ್ಲಿ ಮರಳು. ಮೇಲಿನ ಕಲ್ಲು ತೊಳೆದಂತಿದೆ, ಆದರೆ ಮರಳಿನ ಮೇಲೆ ಜೇಡಿಯಂತಹ ಪದರ. ಹಾರೆ ಚುಚ್ಚಿದ ಅರ್ಧ ಗಂಟೆಯಲ್ಲಿ ಒಂದು ಅಡಿ ಇಳಿಯಿತು.

ನಸ್ರೀನ್ (22): ಅಂದರೆ ನೆಲ ಕುಡಿಯುತ್ತಿದೆ, ಕಟ್ಟಿಕೊಂಡದ್ದು ಮರಳು. ಪದರಗಳನ್ನು ತಲೆಕೆಳಗು ತುಂಬಿದ್ದಾರೆ.

ಶ್ರೀಕಂಠಯ್ಯ (3): ತಲೆಕೆಳಗು ಹೇಗೆ? ಯಾವ ಶೋಧಕದಲ್ಲೂ ಮೊದಲು ದಪ್ಪ, ಕೊನೆಗೆ ಸಣ್ಣ. ನಮ್ಮ ಅಡುಗೆಮನೆಯ ಯಂತ್ರದಲ್ಲೂ ಹಾಗೆಯೇ ಇದೆ. ಗುತ್ತಿಗೆದಾರ ನನ್ನನ್ನು ಕೇಳಿಯೇ ತುಂಬಿದ್ದು.

ಕಿರಣ್ (17): ಓಹೋ.

ಸುಮಾ (14): ಈಗ ತಿಳಿಯಿತು!

ನಸ್ರೀನ್ (22): ಅಡುಗೆಮನೆಯ ಯಂತ್ರದ ಸಣ್ಣ ಜಾಲರಿಯನ್ನು ಬಿಚ್ಚಿ ಬದಲಿಸಬಹುದು, ಆದ್ದರಿಂದ ಅಲ್ಲಿ ಆ ಕ್ರಮ ಸರಿ. ಗುಂಡಿಯ ತಳದ ಮರಳನ್ನು ಬದಲಿಸಬೇಕಾದರೆ ಆರು ಅಡಿ ಕಲ್ಲು ಎತ್ತಬೇಕು, ಯಾರೂ ಎತ್ತುವುದಿಲ್ಲ. ಕೆಸರು ಕೈಗೆ ಸಿಗುವಲ್ಲೇ ನಿಲ್ಲಬೇಕು. ಅದಕ್ಕೇ ಮರಳು ಮೇಲೆ, ಅದರ ಕೆಳಗೆ ಇಪ್ಪತ್ತರ ಜಲ್ಲಿ, ತಳದಲ್ಲಿ ನಲವತ್ತರದು. ಪ್ರತಿ ಪದರದ ನಡುವೆ ನೈಲಾನ್ ಜಾಲರಿ, ಇಲ್ಲವಾದರೆ ಮರಳು ಜಲ್ಲಿಯ ಸಂದಿಗೆ ಇಳಿದುಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಮೇಲಿನ ಒಂದೆರಡು ಇಂಚು ಕೆರೆದು ತೆಗೆದು ಹೊಸ ಮರಳು ಹಾಕಿದರೆ ಆಯಿತು. ಮರಳು ದಪ್ಪನೆಯದಾಗಿ, ತೊಳೆದದ್ದಾಗಿ ಇರಲಿ. ಎಂ-ಸ್ಯಾಂಡ್ ಆದರೆ ಅದರ ಪುಡಿಯೇ ಮೊದಲ ಮಳೆಗೆ ಕಟ್ಟಿಕೊಳ್ಳುತ್ತದೆ.

ದಿನೇಶ್: ಅಷ್ಟು ಮಾಡಿದರೆ ಉಕ್ಕುವುದು ನಿಲ್ಲುತ್ತದೆಯೇ?

ನಸ್ರೀನ್ (22): ಇಲ್ಲ, ಗುಂಡಿಯ ಗಾತ್ರವೂ ಸಾಲದು. ಕಾಲು ಗಂಟೆಯಲ್ಲಿ 25 ಮಿಲಿಮೀಟರ್ ಸುರಿಯಬಹುದು ಎಂದಿಟ್ಟುಕೊಳ್ಳಿ. ನಿಮ್ಮ ತಾರಸಿಯಿಂದ 4,250 ಲೀಟರ್. ಅಷ್ಟನ್ನು ಜಲ್ಲಿ ತುಂಬಿದ ಗುಂಡಿಯಲ್ಲಿ ಹಿಡಿಯಲು 10,600 ಲೀಟರಿನ ಗುಂಡಿ ತೋಡಬೇಕು, ಈಗಿನದರ ನಾಲ್ಕು ಪಟ್ಟು. ಅದರ ಬದಲು ಮೂರು ಅಡಿ ವ್ಯಾಸದ ಸಿಮೆಂಟ್ ರಿಂಗ್ ಇಳಿಸಿ ಇಪ್ಪತ್ತು ಅಡಿಯ ಬಾವಿ ತೋಡಿಸಿ, ಒಳಗೆ ಏನೂ ತುಂಬಬೇಡಿ. ಅದೊಂದೇ 4,000 ಲೀಟರ್ ಹಿಡಿಯುತ್ತದೆ. ಈಗಿನ ಗುಂಡಿಯ ತಳಕ್ಕೆ ಕಾಂಕ್ರೀಟ್ ಹಾಸಿ, ಅದನ್ನು ಶೋಧಕದ ತೊಟ್ಟಿ ಮಾಡಿ, ಅಲ್ಲಿಂದ ಕೊಳವೆಯನ್ನು ಬಾವಿಗೆ ಬಿಡಿ. ಮರಳಿನ ಮೇಲೆ ಒಂದು ಅಡಿಯಾದರೂ ಖಾಲಿ ಇರಲಿ, ಮರಳು ನಿಧಾನವಾಗಿಯೇ ಇಳಿಸುತ್ತದೆ.

ನಿನ್ನೆಯಂತಹ ಮಳೆಗೆ ಆಗಲೂ ಹೆಚ್ಚುವರಿ ನೀರು ಹೊರಬರಬಹುದು. ಅದಕ್ಕೆ ಚರಂಡಿಗೆ ಪ್ರತ್ಯೇಕ ಕೊಳವೆ ಬೇಕೇ ಬೇಕು, ಗೇಟಿಗಲ್ಲ.

ನಂಜುಂಡಪ್ಪ (11): ನಾಲ್ಕು ಅಡಿ ಚೌಕದ ಮರಳು ಅಷ್ಟು ನೀರನ್ನು ಕಾಲು ಗಂಟೆಯಲ್ಲಿ ಬಿಡುತ್ತದೆಯೇ?

ನಸ್ರೀನ್ (22): ಹೊಸ ಮರಳಾದರೆ ಬಹುಶಃ ಬಿಡಬಹುದು. ಸ್ವಲ್ಪ ಕಟ್ಟಿದ ಮೇಲೆ ಖಂಡಿತ ಬಿಡುವುದಿಲ್ಲ. ಇನ್ನೊಂದು ತೊಟ್ಟಿ ಬೇಕಾಗಬಹುದು, ಜಾಗ ನೋಡದೆ ಹೇಳಲಾರೆ.

ಶ್ರೀಕಂಠಯ್ಯ (3): ಚರಂಡಿಗೆ ಬಿಡುವುದಾದರೆ 14ರ ಇಳಿಜಾರು ಮೊದಲು ಒಡೆಯಲಿ. ಭಾನುವಾರ ಸಭೆ. ಕಾರ್ಯಸೂಚಿ ನಾನು ಬರೆಯುತ್ತೇನೆ.

ಸುಮಾ (14): ಬರೆಯಿರಿ. ಮೊದಲ ಸಾಲಿನಲ್ಲಿ ಮರಳನ್ನು ಕೆಳಗೆ ಹಾಕಿಸಿದವರ ಹೆಸರಿರಲಿ.

ದಿನೇಶ್: ದಯವಿಟ್ಟು ಜಗಳ ಬೇಡ. ಗುಂಡಿಯಿಂದ ತೆಗೆದ ಕಲ್ಲು, ಜಲ್ಲಿಯನ್ನು ಸದ್ಯ ರಸ್ತೆಬದಿಗೆ ಹಾಕಿಸಿದ್ದೇವೆ. ತೊಳೆಸಿ ಮತ್ತೆ ಬಳಸುತ್ತೇವೆ.

ಕಿರಣ್ (17): ರಸ್ತೆಬದಿ ಎಂದರೆ ನನ್ನ ಕಾರಿನ ಮುಂದೆ. ಬೆಳಗ್ಗೆ ಆರಕ್ಕೆ ಹೊರಡಬೇಕು.

ಲಲಿತಮ್ಮ (9): ಅಲ್ಲಿ ಯಾವಾಗಲೂ ನಮ್ಮ ಅಳಿಯಂದಿರ ಗಾಡಿ ನಿಲ್ಲುತ್ತಿತ್ತು.

ಶ್ರೀಕಂಠಯ್ಯ (3): ಪಾರ್ಕಿಂಗ್ ವಿಷಯ ನಾನು ಹೋದ ವರ್ಷವೇ ಎತ್ತಿದ್ದೆ. ಒಂದು ಮನೆಗೆ ಒಂದೇ ಗಾಡಿ. ಭಾನುವಾರ ಮೊದಲು ಅದನ್ನೇ ತೀರ್ಮಾನಿಸೋಣ.

ನಂಜುಂಡಪ್ಪ (11): ನಮ್ಮ ಮನೆಯಲ್ಲಿ ಮೂರಿವೆ, ಅದಕ್ಕೇನು ಮಾಡುವುದು?

ನಸ್ರೀನ್ (22): ದಿನೇಶ್ ಅವರೇ, ಬಾವಿ ತೋಡುವವರ ನಂಬರ್ ಬೇಕಾದರೆ ಹೇಳಿ. ಇಂದು ರಾತ್ರಿಯೂ ಮೋಡವಿದೆ, ಅಷ್ಟರೊಳಗೆ ತಾರಸಿಯ ಕೊಳವೆಯನ್ನು ತಾತ್ಕಾಲಿಕವಾಗಿ ಚರಂಡಿಗೆ ತಿರುಗಿಸಿಡಿ.

ದಿನೇಶ್: ಒಂದು ಮನೆಗೆ ಒಂದೇ ಗಾಡಿ ಎನ್ನುವುದನ್ನು ಅಪಾರ್ಟ್‌ಮೆಂಟಿನ ಹನ್ನೆರಡು ಮನೆಗಳೂ ಒಪ್ಪುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.