ದೊಡ್ಡಪ್ಪನ ಫಾರ್ವರ್ಡ್ ಮತ್ತು ಬಾಲ್ಕನಿಯ ಪಾರಿವಾಳ

ನಮ್ಮ ಮನೆಯವರ ಗುಂಪಿನಲ್ಲಿ ಜಗಳ ಆಗುವುದು ಸಾಮಾನ್ಯವಾಗಿ ಮದುವೆ ಊಟದ ಮೆನು ವಿಷಯಕ್ಕೆ. ಕಳೆದ ಶನಿವಾರ ಮಾತ್ರ ಪಾರಿವಾಳದ ಕುತ್ತಿಗೆ ವಿಷಯಕ್ಕೆ ಆಯ್ತು. ಮಧ್ಯದ ಗುಡ್ ಮಾರ್ನಿಂಗ್ ಹೂವುಗಳನ್ನೂ ಹೆಬ್ಬೆರಳುಗಳನ್ನೂ ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ. ಪ್ರಣತಿ ಚಿಕ್ಕಮ್ಮನ ಮಗಳು, ಕಿರಣಣ್ಣ ದೊಡ್ಡಪ್ಪನ ಮಗ.

ದೊಡ್ಡಪ್ಪ: (ಫಾರ್ವರ್ಡ್) ಪಾರಿವಾಳ ಪ್ರತಿ ಹೆಜ್ಜೆಗೂ ತಲೆಯನ್ನು ಹಿಂದೆ ಮುಂದೆ ಆಡಿಸುವುದೇಕೆ ಗೊತ್ತೇ? ಅದರ ಎದೆ ಭಾರ, ಕಾಲು ಗಿಡ್ಡ. ತಲೆ ಆಡಿಸದಿದ್ದರೆ ಮುಗ್ಗರಿಸಿ ಬೀಳುತ್ತದೆ! ಹೀಗೆ ಆಡಿಸುವುದರಿಂದ ಮೆದುಳಿಗೆ ರಕ್ತವೂ ಚೆನ್ನಾಗಿ ಹರಿಯುತ್ತದೆ. ನೀವೂ ದಿನಕ್ಕೆ 20 ನಿಮಿಷ ಮಾಡಿ, ಕುತ್ತಿಗೆ ನೋವು ಮಾಯ. ಎಲ್ಲರಿಗೂ ಕಳಿಸಿ 🙏🙏

ದೊಡ್ಡಪ್ಪ: ನಾನು ಬೆಳಿಗ್ಗೆ ಮಾಡಿ ನೋಡಿದೆ. ಹಗುರ ಅನ್ನಿಸಿತು.

ಚಿಕ್ಕಮ್ಮ: ಭಾವ, ಪಾರ್ಕಿನಲ್ಲಿ ಮಾತ್ರ ಮಾಡಬೇಡಿ. ನೋಡಿದವರು ಏನಂದುಕೊಳ್ಳುತ್ತಾರೆ 😂

ಪ್ರಣತಿ: ದೊಡ್ಡಪ್ಪ, ರಕ್ತದ ಮಾತು ಸುಮ್ನೆ ಸೇರಿಸಿರುವುದು. ಅದನ್ನು ಬಿಡಿ. ಮೊದಲ ಸಾಲೇ ತಪ್ಪು. ಪಾರಿವಾಳ ತಲೆಯನ್ನು ಹಿಂದಕ್ಕೆ ಆಡಿಸುವುದೇ ಇಲ್ಲ.

ದೊಡ್ಡಪ್ಪ: ಅರವತ್ತೆಂಟು ವರ್ಷದಿಂದ ನೋಡುತ್ತಿದ್ದೇನೆ ಮಗೂ. ಹಿಂದೆ ಮುಂದೆ, ಹಿಂದೆ ಮುಂದೆ. ನನ್ನ ಕಣ್ಣು ಸುಳ್ಳಾ?

ಪ್ರಣತಿ: ಬಸ್ಸಿನಲ್ಲಿ ಕೂತಾಗ ರಸ್ತೆ ಬದಿಯ ಮರ ಹಿಂದಕ್ಕೆ ಓಡುತ್ತದೆ ಅಲ್ವಾ? ಮರ ನಿಂತೇ ಇರುತ್ತದೆ. ಇಲ್ಲೂ ಹಾಗೆಯೇ. ತಲೆ ಗಾಳಿಯಲ್ಲಿ ಒಂದೇ ಕಡೆ ನಿಂತಿರುತ್ತದೆ, ಮೈ ಅದರ ಕೆಳಗೆ ಮುಂದಕ್ಕೆ ಹೋಗುತ್ತದೆ. ಮೈ ಜೊತೆಗೆ ಹೋಲಿಸಿ ನೋಡಿದರೆ ತಲೆ ಹಿಂದಕ್ಕೆ ಹೋದಂತೆ ಕಾಣುತ್ತದೆ. ಆಮೇಲೆ ತಲೆ ಚಕ್ಕನೆ ಮುಂದಕ್ಕೆ ಚಾಚಿ ಮತ್ತೆ ನಿಲ್ಲುತ್ತದೆ. ಇದನ್ನು 1930ರಲ್ಲೇ ಡನ್‌ಲಪ್, ಮೌರರ್ ಅನ್ನುವ ಇಬ್ಬರು ಅಮೆರಿಕದಲ್ಲಿ ಫಿಲ್ಮ್ ತೆಗೆದು ತೋರಿಸಿದ್ದರು.

ದೊಡ್ಡಪ್ಪ: ಅಮೆರಿಕದ ಪಾರಿವಾಳ ಹೇಗೋ, ನಮ್ಮದು ಆಡಿಸುತ್ತದೆ.

ಇಲ್ಲಿಗೆ ನಾನು ಎದ್ದೆ. ನಮ್ಮ ಮನೆ ಬಾಲ್ಕನಿಯಲ್ಲಿ ಪಾರಿವಾಳಕ್ಕೆ ಬರ ಇಲ್ಲ. ಬಲೆ ಹಾಕಿಸಿದರೂ ಒಂದು ಮೂಲೆಯಲ್ಲಿ ಸಂದು ಮಾಡಿಕೊಂಡು ಬರುತ್ತವೆ. ಫೋನನ್ನು ಒಂದು ಡಬ್ಬಕ್ಕೆ ಒರಗಿಸಿಟ್ಟು ಸ್ಲೋ ಮೋಷನ್ ಹಾಕಿದೆ, ಸೆಕೆಂಡಿಗೆ 240 ಫ್ರೇಮ್. ನಾಲ್ಕು ಕಾಳು ಅಕ್ಕಿ ಚೆಲ್ಲಿ ಒಳಗೆ ಬಂದೆ. ಇದರಲ್ಲಿ ಫೋನ್ ಕೈಯಲ್ಲಿ ಹಿಡಿಯಬಾರದು. ಕೈ ಒಂಚೂರು ಅಲ್ಲಾಡಿದರೂ ತಲೆ ನಿಂತಿದೆಯೋ ಫೋನ್ ಸರಿಯಿತೋ ಗೊತ್ತಾಗುವುದಿಲ್ಲ. ಮೊದಲನೇ ಸಲ ಆ ತಪ್ಪನ್ನೇ ಮಾಡಿದ್ದೆ.

ನಾನು: (ವಿಡಿಯೊ) ದೊಡ್ಡಪ್ಪ, ಇದು ಜಯನಗರದ ಪಾರಿವಾಳ. ಹೀಗೆ ನೋಡಿ. ವಿಡಿಯೊ ನಿಲ್ಲಿಸಿ, ಕೊಕ್ಕಿನ ತುದಿ ಎಲ್ಲಿದೆಯೋ ಅಲ್ಲಿ ಸ್ಕ್ರೀನಿನ ಮೇಲೆ ಒಂದು ಬಿಂದಿ ಅಂಟಿಸಿ. ಆಮೇಲೆ ಒಂದೊಂದೇ ಫ್ರೇಮ್ ಮುಂದಕ್ಕೆ ಓಡಿಸಿ. ಹಿಂದೆ ಕಾಣುವ ಗ್ರಿಲ್ ಕಂಬಿ ಅಲ್ಲಾಡುತ್ತಿಲ್ಲ ಅನ್ನುವುದನ್ನೂ ನೋಡಿಕೊಳ್ಳಿ.

ಹದಿನೈದು ನಿಮಿಷ ಗುಂಪು ತೆಪ್ಪಗಿತ್ತು. ದೊಡ್ಡಮ್ಮನ ಬಿಂದಿ ಪ್ಯಾಕೆಟ್ ಹುಡುಕುತ್ತಿದ್ದರು ಅಂತ ಕಿರಣಣ್ಣ ಆಮೇಲೆ ಹೇಳಿದ.

ದೊಡ್ಡಪ್ಪ: ಕೊಕ್ಕು ಬಿಂದಿ ಬಿಟ್ಟು ಕದಲಲಿಲ್ಲ. ಎದೆ ಮಾತ್ರ ಮುಂದೆ ಬಂತು. ಆಮೇಲೆ ಕೊಕ್ಕು ಒಂದೇ ಸಲ ಜಿಗಿಯಿತು.

ನಾನು: ನಾನೂ ಎಣಿಸಿದೆ. ಒಂದು ಹೆಜ್ಜೆಗೆ ಹೆಚ್ಚು ಕಡಿಮೆ 50 ಫ್ರೇಮ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ತಲೆ ನಿಂತೇ ಇತ್ತು. ಅಂದರೆ ನಿಂತಿದ್ದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಬರಿಗಣ್ಣಿಗೆ ಹೇಗೆ ಸಿಗಬೇಕು?

ದೊಡ್ಡಪ್ಪ: ಸರಿ. ಹಿಂದಕ್ಕೆ ಹೋಗುವುದಿಲ್ಲ, ಒಪ್ಪಿದೆ. ಆದರೆ ಅದು ಬ್ಯಾಲೆನ್ಸಿಗೇ. ತಲೆಯ ಮೇಲೆ ನೀರಿನ ಕೊಡ ಹೊತ್ತವರು ತಲೆ ಅಲ್ಲಾಡಿಸದೆ ನಡೆಯುವುದಿಲ್ಲವೇ? ಹಾಗೆ.

ಹೋಲಿಕೆ ಚೆನ್ನಾಗಿತ್ತು, ಒಪ್ಪಬೇಕು. ಒಂದು ಕ್ಷಣ ನನಗೂ ಉತ್ತರ ಹೊಳೆಯಲಿಲ್ಲ.

ಪ್ರಣತಿ: ಅದನ್ನೇ ಪರೀಕ್ಷೆ ಮಾಡಿದ್ದಾರೆ ದೊಡ್ಡಪ್ಪ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಬ್ಯಾರಿ ಫ್ರಾಸ್ಟ್, 1978. ಪಾರಿವಾಳವನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು. ನಮ್ಮ ಜಿಮ್ಮಿನಲ್ಲಿ ಇರುತ್ತದಲ್ಲ, ಅದರ ಚಿಕ್ಕ ರೂಪ. ಕಾಲು ನಡೆಯುತ್ತಿದೆ, ಎದೆ ಅಷ್ಟೇ ಭಾರ, ಬೀಳುವ ಭಯವೂ ಅಷ್ಟೇ. ಬ್ಯಾಲೆನ್ಸಿಗೆ ತಲೆ ಬೇಕು ಅಂತಾದರೆ ಅಲ್ಲಿಯೂ ಅದು ಹಾಗೇ ಆಡಬೇಕಿತ್ತು, ಹೌದು ತಾನೆ?

ದೊಡ್ಡಪ್ಪ: ಹೌದು.

ಪ್ರಣತಿ: ಆಡಲಿಲ್ಲ. ಏಕೆಂದರೆ ಬೆಲ್ಟ್ ಹಿಂದಕ್ಕೆ ಹೋಗುವುದರಿಂದ ಹಕ್ಕಿ ಇದ್ದ ಕಡೆಯೇ ಇರುತ್ತದೆ. ಸುತ್ತಲಿನ ಗೋಡೆ ಅದರ ಕಣ್ಣಿಗೆ ಸರಿಯುವುದಿಲ್ಲ. ಕಣ್ಣೆದುರು ಏನೂ ಸರಿಯದಿದ್ದರೆ ತಲೆಗೆ ಕೆಲಸ ಇಲ್ಲ.

ಚಿಕ್ಕಮ್ಮ: ಅಂದರೆ ಕುತ್ತಿಗೆಯನ್ನು ನಡೆಸುವುದು ಕಾಲಲ್ಲ, ಕಣ್ಣು.

ದೊಡ್ಡಪ್ಪ: ಪಾಪ, ಆ ಯಂತ್ರದ ಮೇಲೆ ನಿಲ್ಲಿಸಿದರೆ ಯಾರಾದರೂ ಹೆದರಿ ಸೆಟೆದುಕೊಳ್ಳುತ್ತಾರೆ. ನಾನೂ ಜಿಮ್ಮಿನಲ್ಲಿ ಹಾಗೇ ಆಗಿದ್ದೆ. ಅದರಿಂದ ಏನು ಸಾಬೀತಾಯಿತು?

ಪ್ರಣತಿ: ಒಳ್ಳೇ ಪ್ರಶ್ನೆ. ಅದಕ್ಕೆ ತಿರುಗುಮುರುಗಾದ ಪರೀಕ್ಷೆಯೂ ಇದೆ. ಅದಕ್ಕೂ ಮೂರು ವರ್ಷ ಮುಂಚೆ, 1975ರಲ್ಲಿ, ಫ್ರೀಡ್‌ಮನ್ ಅನ್ನುವವರು ಬೆಳವದಂಥ ಹಕ್ಕಿಯನ್ನು ಒಂದು ಕಡೆ ಇಟ್ಟು ಸುತ್ತಲಿನ ಗೋಡೆಯನ್ನೇ ಸರಿಸಿದರು. ಹಕ್ಕಿ ನಡೆಯದಿದ್ದರೂ ಗೋಡೆಯ ಜೊತೆ ತಲೆ ಹೋಯಿತು. ಕಾಲಿದ್ದೂ ನೋಟ ಸರಿಯದಿದ್ದರೆ ಆಟ ಇಲ್ಲ. ಕಾಲಿಲ್ಲದೆ ನೋಟ ಸರಿದರೆ ಆಟ ಉಂಟು. ಹೆದರಿಕೆಯಿಂದ ಎರಡೂ ಹೇಗಾಗುತ್ತದೆ?

ದೊಡ್ಡಪ್ಪ: ಹ್ಞೂಂ.

ನಮ್ಮ ದೊಡ್ಡಪ್ಪನ "ಹ್ಞೂಂ"ಗೆ ಗುಂಪಿನಲ್ಲಿ ಬೆಲೆ ಇದೆ. ಆದರೆ ಕಿರಣಣ್ಣ ಆ ಹೊತ್ತಿಗೆ ಕಾಫಿ ಕುಡಿದು ಎದ್ದಿದ್ದ.

ಕಿರಣಣ್ಣ: ನಾನು ನಡೆಯುವಾಗಲೂ ಗೋಡೆ ಸರಿಯುತ್ತದೆ. ನನ್ನ ತಲೆ ಯಾಕೆ ಹಾಗೆ ಆಡುವುದಿಲ್ಲ? ಪಾರಿವಾಳಕ್ಕೆ ಮಾತ್ರ ಏನು ವಿಶೇಷ?

ಪ್ರಣತಿ: ಆ ಕೆಲಸವನ್ನು ನಿನ್ನ ಕಣ್ಣುಗುಡ್ಡೆ ಮಾಡುತ್ತಿದೆ ಅಣ್ಣಾ. ರೈಲಿನಲ್ಲಿ ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿರುವವರ ಕಣ್ಣನ್ನು ಗಮನಿಸು. ಗುಡ್ಡೆ ಒಂದು ಕಂಬವನ್ನು ಹಿಡಿದು ಅದರ ಜೊತೆ ಮೆಲ್ಲಗೆ ಹಿಂದಕ್ಕೆ ಹೋಗುತ್ತದೆ, ಚಕ್ಕನೆ ಮುಂದಕ್ಕೆ ಹಾರಿ ಮುಂದಿನ ಕಂಬ ಹಿಡಿಯುತ್ತದೆ. ಹಿಡಿ, ಹಾರು, ಹಿಡಿ, ಹಾರು. ಪಾರಿವಾಳದ ಕುತ್ತಿಗೆ ಮಾಡುವುದೂ ಅದನ್ನೇ. ಅದರ ಕಣ್ಣು ತಲೆಗೆ ಹೋಲಿಸಿದರೆ ತುಂಬಾ ದೊಡ್ಡದು, ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ನಮ್ಮಷ್ಟು ಸಲೀಸಾಗಿ ತಿರುಗುವುದಿಲ್ಲ. ತಲೆ ಹಗುರ, ಕುತ್ತಿಗೆ ಉದ್ದ. ಹಾಗಾಗಿ ಕಣ್ಣಿನ ಬದಲು ಇಡೀ ತಲೆಯನ್ನೇ ಹಿಡಿದು ನಿಲ್ಲಿಸುತ್ತದೆ.

ಪ್ರಣತಿ: ಕಣ್ಣು ಪಕ್ಕದಲ್ಲಿ ಇರುವುದರಿಂದ ತೊಂದರೆ ಇನ್ನೂ ಜಾಸ್ತಿ. ನೇರ ಮುಂದೆ ನೋಡುವವರಿಗೆ ನೋಟ ಅಷ್ಟು ಸರಿಯುವುದಿಲ್ಲ. ಪಕ್ಕದ ಕಿಟಕಿಯಲ್ಲಿ ನೋಡುವವರಿಗೇ ಎಲ್ಲ ಗೆರೆ ಗೆರೆಯಾಗಿ ಓಡುವುದು. ಓಡುವ ಬಸ್ಸಿನ ಕಿಟಕಿಯಿಂದ ಫೋಟೊ ತೆಗೆದರೆ ಹತ್ತಿರದ ಬೇಲಿ ಕಲಸಿಹೋಗಿರುತ್ತದೆ, ಅಲ್ವಾ? ಪಾರಿವಾಳ ತಲೆ ನಿಲ್ಲಿಸಿದ ಅಷ್ಟು ಹೊತ್ತಿನಲ್ಲಿ ಒಂದು ಸ್ಪಷ್ಟ ಫೋಟೊ ತೆಗೆದುಕೊಳ್ಳುತ್ತದೆ. ಕಾಳು ಯಾವುದು, ಕಲ್ಲು ಯಾವುದು, ಪಕ್ಕದಲ್ಲಿ ಬೆಕ್ಕು ಅಲ್ಲಾಡಿತೋ ಅನ್ನುವುದು ಆಗ ಗೊತ್ತಾಗುತ್ತದೆ.

ಚಿಕ್ಕಮ್ಮ: ನಮ್ಮ ಅಮ್ಮನ ಮನೆಯಲ್ಲಿ ಕೋಳಿಯನ್ನು ಎರಡು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಆಡಿಸುತ್ತಿದ್ದೆವು. ಮೈ ಎಲ್ಲಿ ಹೋದರೂ ತಲೆ ಇದ್ದಲ್ಲೇ. ನಗು ತಡೆಯಲಾಗುತ್ತಿರಲಿಲ್ಲ.

ಪ್ರಣತಿ: ಅದೇ ಚಿಕ್ಕಮ್ಮನ ಪ್ರಯೋಗಾಲಯ 😀 ಅಂದರೆ ಅಮ್ಮಾ, ನಿನ್ನದು. ಅಲ್ಲಿ ಕಿವಿಯೊಳಗಿನ ಸಮತೋಲನದ ಅಂಗವೂ ಸೇರಿಕೊಳ್ಳುತ್ತದೆ, ಆದರೆ ಗುರಿ ಒಂದೇ.

ಕಿರಣಣ್ಣ: ಹಾಗಾದರೆ ಬಾತುಕೋಳಿ? ಅದರ ಕಣ್ಣೂ ಪಕ್ಕದಲ್ಲೇ. ಕುತ್ತಿಗೆ ಪಾರಿವಾಳಕ್ಕಿಂತ ಉದ್ದ. ಅದು ಕೆರೆ ದಂಡೆಯಲ್ಲಿ ತಲೆ ಎತ್ತಿಕೊಂಡು ಆರಾಮಾಗಿ ಹೋಗುತ್ತದೆ. ನಿನ್ನ ಲೆಕ್ಕ ತಪ್ಪಿತು.

ದೊಡ್ಡಪ್ಪ: ಭೇಷ್ ಮಗನೇ 👏

ಪ್ರಣತಿ: ಲೆಕ್ಕ ತಪ್ಪಲಿಲ್ಲ, ಆದರೆ ಪೂರ್ತಿಯೂ ಅಲ್ಲ. ಎಲ್ಲ ಹಕ್ಕಿಯೂ ಆಡಿಸುವುದಿಲ್ಲ. ಕೋಳಿ, ಕೊಕ್ಕರೆಯಂಥವು ಆಡಿಸುತ್ತವೆ, ಬಾತು ಇಲ್ಲ. ನೆಲದಲ್ಲಿ ಹತ್ತಿರದ ಚಿಕ್ಕ ವಸ್ತುವನ್ನು ಹುಡುಕಿ ತಿನ್ನುವ ಹಕ್ಕಿಗೆ ಇದು ಜಾಸ್ತಿ ಬೇಕು. ಒಂದು ಜಾತಿಯ ಕಡಲಹಕ್ಕಿ ತಿಂಡಿ ಹುಡುಕುವಾಗ ಮಾತ್ರ ತಲೆ ಆಡಿಸುತ್ತದೆ, ಸುಮ್ನೆ ನಡೆದು ಹೋಗುವಾಗ ಇಲ್ಲ. ಇನ್ನೊಂದು ವಿಚಿತ್ರ ಇದೆ. ಪಾರಿವಾಳ ಓಡಿದರೆ ತಲೆ ನಿಲ್ಲುವ ಭಾಗ ಮಾಯವಾಗುತ್ತದೆ, ಆದರೂ ತಲೆ ಆಡುತ್ತದೆ. ಹಾರಿಬಂದು ಕೂರುವ ಮುಂಚೆಯೂ ಆಡುತ್ತದೆ. ಅಲ್ಲಿ ಹೆಜ್ಜೆಯೇ ಇಲ್ಲ.

ದೊಡ್ಡಪ್ಪ: ನಿಲ್ಲುವುದಕ್ಕೆ ಅಲ್ಲದಿದ್ದರೆ ಆಗ ಯಾಕೆ?

ಪ್ರಣತಿ: ಮುಂದಕ್ಕೆ ಚಾಚುವುದೂ ಉಪಯೋಗಕ್ಕೇ ಬರುತ್ತದೆ ಅಂತ ಡೇವಿಸ್, ಗ್ರೀನ್ ಎಂಬುವರ ಅಂದಾಜು. ಒಂದು ಕಣ್ಣು ಮುಚ್ಚಿ, ಬೆರಳು ಮುಖದೆದುರು ಹಿಡಿದು, ತಲೆ ಪಕ್ಕಕ್ಕೆ ಆಡಿಸಿ ದೊಡ್ಡಪ್ಪ. ಬೆರಳು ಜಾಸ್ತಿ ಸರಿಯುತ್ತದೆ, ಹಿಂದಿನ ಕ್ಯಾಲೆಂಡರ್ ಕಡಿಮೆ. ಯಾವುದು ಹತ್ತಿರ, ಯಾವುದು ದೂರ ಎಂದು ಒಂದೇ ಕಣ್ಣಿನಲ್ಲಿ ತಿಳಿಯಿತು. ಪಾರಿವಾಳದ ಎರಡು ಕಣ್ಣೂ ಒಟ್ಟಿಗೆ ನೋಡುವ ಜಾಗ ಕಡಿಮೆ. ಕೂರುವ ಕೊಂಬೆ ಎಷ್ಟು ದೂರ ಅಂತ ತಿಳಿಯಲು ತಲೆ ಮುಂದೆ ಹಾಕಿದರೆ ಸಹಾಯ ಆಗುತ್ತದೆ.

ದೊಡ್ಡಪ್ಪ: ಕ್ಯಾಲೆಂಡರ್ ಸರಿಯಿತು. ಅಂದರೆ ಬೆರಳು ಸರಿಯಿತು. ನೋಡಿದೆ.

ದೊಡ್ಡಪ್ಪ: ಆದರೆ ಒಂದು ಹೆಜ್ಜೆಗೆ ಒಂದೇ ಸಲ, ತಾಳ ಹಾಕಿದ ಹಾಗೆ ಇರುತ್ತದಲ್ಲ. ಕಣ್ಣಿಗೆ ಮಾತ್ರ ಆದರೆ ಕಾಲಿನ ತಾಳ ಯಾಕೆ?

ಪ್ರಣತಿ: ಅದನ್ನು ನಿಮಗೆ ಬಿಟ್ಟುಕೊಟ್ಟೆ. ಶುರು ಮಾಡುವುದು ಕಣ್ಣು. ಆದರೆ ನಡೆಯುವಾಗ ತಲೆ ಕಾಲಿನ ಜೊತೆ ತಾಳ ಕೂಡಿಸಿಕೊಳ್ಳುತ್ತದೆ. ಮೈಯ ಸಮತೋಲನಕ್ಕೂ ಅದರಿಂದ ಸ್ವಲ್ಪ ಅನುಕೂಲ ಇರಬಹುದು ಅನ್ನುವವರಿದ್ದಾರೆ.

ದೊಡ್ಡಪ್ಪ: ನಾನು ಬೆಳಿಗ್ಗೆಯಿಂದ ಅದನ್ನೇ ಹೇಳುತ್ತಿದ್ದೆ.

ಕಿರಣಣ್ಣ: ಅಪ್ಪ, ನೀವು ಬೀಳುತ್ತದೆ ಅಂದಿರಿ!

ಚಿಕ್ಕಮ್ಮ: ಬೀಳುವುದು ಬಿಡಿ. ಆ ಅಕ್ಕಿ ಚೆಲ್ಲಿದ್ದು ಯಾರು? ಇನ್ನು ಅವು ಬಾಲ್ಕನಿ ಬಿಟ್ಟು ಹೋಗುತ್ತವಾ?

ಹೋಗಿಲ್ಲ. ಭಾನುವಾರ ಬೆಳಿಗ್ಗೆ ಐದು ಬಂದಿದ್ದವು. ಸಂಜೆ ದೊಡ್ಡಪ್ಪನ ಮೆಸೇಜು ನನಗೆ ಮಾತ್ರ ಬಂತು: "ಆ ಫಾರ್ವರ್ಡನ್ನು ಇನ್ನೂ ಏಳು ಗುಂಪಿಗೆ ಕಳಿಸಿದ್ದೇನೆ. ಅಳಿಸುವುದು ಹೇಗೆ? ನಿನ್ನ ವಿಡಿಯೊ ಜೊತೆಗೆ ಬಿಂದಿ ಅಂಟಿಸುವ ವಿಧಾನ ನಾಲ್ಕು ಸಾಲಿನಲ್ಲಿ ಬರೆದು ಕೊಡು."