ಲೀನಿಯರ್ ಫೇಸ್: ‘ರೇಖೀಯ ಹಂತ’ವೋ ‘ಸಮತಡ’ವೋ?

ತುಮಕೂರಿನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಹುಡುಗರಿಗೆ ಎಫ್‌ಐಆರ್ ಫಿಲ್ಟರ್, ಅಂದರೆ ಸ್ಯಾಂಪಲ್‌ಗಳನ್ನು ಇಂತಿಷ್ಟೇ ಗುಣಕಗಳಿಂದ ಗುಣಿಸಿ ಕೂಡಿಸಿ ಸಿಗ್ನಲ್ ಸೋಸುವ ಫಿಲ್ಟರ್ ಬಗ್ಗೆ ಕನ್ನಡದಲ್ಲಿ ನೋಟ್ಸ್ ಬರೆಯುತ್ತಿದ್ದೇನೆ. ಫಿಲ್ಟರ್, ಸಿಗ್ನಲ್ ಎರಡನ್ನೂ ಹಾಗೇ ಬಿಟ್ಟಿದ್ದೇನೆ. ವಿಂಡೋಗೆ ‘ಕಿಟಕಿ’ ಅಂದೆ, ಯಾರೂ ನಗಲಿಲ್ಲ. ‘ಲೀನಿಯರ್ ಫೇಸ್’ಗೆ ‘ರೇಖೀಯ ಹಂತ’ ಅಂತ ಬರೆದರೆ ಹಿಂದಿನ ಬೆಂಚಿನವನು “ಸಾರ್, ಇದು ಎಷ್ಟನೇ ಹಂತ?” ಅಂದ. ಅವನ ತಪ್ಪಲ್ಲ ಬಿಡಿ.

ನಮ್ಮ ಲೆಕ್ಕ ಇಷ್ಟು. ಸೆಕೆಂಡಿಗೆ 500 ಸ್ಯಾಂಪಲ್ ಇರುವ ಇಸಿಜಿ. 40 ಹರ್ಟ್ಸ್‌ಗಿಂತ ಕೆಳಗಿನದ್ದು ಮಾತ್ರ ಬೇಕು. ಅಂಥ ಕರಾರುವಾಕ್ಕಾದ ಫಿಲ್ಟರಿನ ಗುಣಕಗಳು ಎರಡೂ ಕಡೆ ಮುಗಿಯದೆ ಹೋಗುತ್ತವೆ. ನಡುವಿನ 101 ಇಟ್ಟುಕೊಂಡು, ಹ್ಯಾಮಿಂಗ್ ಕಿಟಕಿಯಿಂದ ಗುಣಿಸಿದ್ದೇವೆ. ಇದರ ಫೇಸ್ ಲೀನಿಯರ್ ಅನ್ನುವುದನ್ನು ಕನ್ನಡದಲ್ಲಿ ಏನಂತ ಹೇಳಲಿ?

ಚಿಂತಾಮಣಿಯಿಂದ

ಸಾರ್, ಫೇಸ್ ಅಂತಲೇ ಬರೆಯಿರಿ. ನಮ್ಮ ಕಡೆ ಬೋರ್‌ವೆಲ್ ಇರುವ ಪ್ರತಿಯೊಬ್ಬರಿಗೂ ಗೊತ್ತಿರುವ ಪದ ಅದು. ತ್ರೀ ಫೇಸ್ ಯಾವಾಗ ಕೊಡ್ತಾರೆ ಅಂತ ರಾತ್ರಿಯೆಲ್ಲ ಕಾಯ್ತೀವಿ. ಮೊನ್ನೆ ಒಂದು ಫೇಸ್ ಹೋಗಿ ನಮ್ಮ ಮೋಟಾರ್ ಸುಟ್ಟೇ ಹೋಯ್ತು. ನಿಮ್ಮ ಫಿಲ್ಟರ್ ಹಾಕಿದ್ದರೆ ಉಳೀತಿತ್ತಾ?

ಕೋಲಾರದಿಂದ

ಅಣ್ಣ, ಮೋಟಾರಿಗೆ ಬೇಕಿರುವುದು ಪ್ರಿವೆಂಟರ್, ಇದಲ್ಲ. ಆದರೆ ಪದ ಅದೇ, ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದಿದೆ ಅನ್ನೋದು.

ಮೇಷ್ಟ್ರೇ, ನನಗೆ ‘ಕಿಟಕಿ-ಫೇಸ್’ ಸರಿ ಅನ್ನಿಸುತ್ತೆ. ಹ್ಯಾಮಿಂಗ್ ಕಿಟಕಿ ಹಾಕಿದ್ದಕ್ಕೇ ತಾನೆ ಫೇಸ್ ಲೀನಿಯರ್ ಆಗುವುದು?

ಗೌರಿಬಿದನೂರಿನಿಂದ

ಅದಕ್ಕಲ್ಲ ಮೇಡಂ. ಕಿಟಕಿಯ ಕೆಲಸ ಬೇರೆ. 101 ಗುಣಕ ಸುಮ್ನೆ ಕತ್ತರಿಸಿದರೆ ತಡೆಯಬೇಕಾದ ಕಡೆ ಸುಮಾರು 21 ಡೆಸಿಬೆಲ್ ಮಾತ್ರ ಇಳಿಯುತ್ತೆ. 1001 ಇಟ್ಟರೂ ಅಷ್ಟೇ. ಅಂಚನ್ನು ಮೆಲ್ಲಗೆ ಇಳಿಸುವ ಹ್ಯಾಮಿಂಗ್ ಹಾಕಿದರೆ ಸುಮಾರು 53 ಸಿಗುತ್ತೆ. ಬದಲಿಗೆ ಬಿಡುವ ಜಾಗದಿಂದ ತಡೆಯುವ ಜಾಗಕ್ಕೆ ಇಳಿಜಾರು ಅಗಲವಾಗುತ್ತೆ, ಇವರ ಲೆಕ್ಕದಲ್ಲಿ ಸುಮಾರು 16 ಹರ್ಟ್ಸ್. ಸುಮ್ನೆ ಕತ್ತರಿಸಿದ್ದರೂ, ನಡುವಿಂದ ಎರಡೂ ಕಡೆ ಸಮವಾಗಿ ಕತ್ತರಿಸಿದ್ದರೆ, ಫೇಸ್ ಲೀನಿಯರ್ರೇ.

ಕಾರಣ ಜೋಡಿಯಲ್ಲಿದೆ. ನಡುವಿನ ಗುಣಕದಿಂದ ಹತ್ತು ಹೆಜ್ಜೆ ಹಿಂದೆ ಇರುವುದೂ ಹತ್ತು ಹೆಜ್ಜೆ ಮುಂದೆ ಇರುವುದೂ ಒಂದೇ ತೂಕ. ಯಾವ ಅಲೆಯೇ ಬರಲಿ, ಒಂದು ಎಷ್ಟು ಮುಂದಕ್ಕೆ ಎಳೆಯುತ್ತೋ ಇನ್ನೊಂದು ಅಷ್ಟೇ ಹಿಂದಕ್ಕೆ ಎಳೆಯುತ್ತೆ. ಎಳೆತ ಕಳೆದುಹೋಗಿ ಅಲೆಯ ಎತ್ತರ ಮಾತ್ರ ಬದಲಾಗುತ್ತೆ. ಉಳಿಯುವ ತಡ ನಡುವಿನ ಗುಣಕದ್ದು ಮಾತ್ರ: 50 ಸ್ಯಾಂಪಲ್, ಅಂದರೆ 100 ಮಿಲಿಸೆಕೆಂಡ್. ನಿಧಾನದ ಅಲೆಗೂ ವೇಗದ ಅಲೆಗೂ ಅಷ್ಟೇ. ತಡ ಒಂದೇ ಆದ್ದರಿಂದ ಅಲೆ ಎಷ್ಟು ವೇಗವೋ ಫೇಸ್ ಅಷ್ಟೇ ಪ್ರಮಾಣದಲ್ಲಿ ಹಿಂದೆ ಬೀಳುತ್ತೆ, ಅದೇ ಲೀನಿಯರ್.

ಚಿಕ್ಕದರಲ್ಲಿ ನೋಡಿ. ಗುಣಕ 1/4, 1/2, 1/4 ಆದರೆ ಎಲ್ಲಕ್ಕೂ ತಡ ಒಂದು ಸ್ಯಾಂಪಲ್. ಅದೇ ಸಂಖ್ಯೆಗಳನ್ನು 1/2, 1/4, 1/4 ಅಂತ ಇಟ್ಟರೆ ತೀರ ನಿಧಾನದ ಅಲೆಗೆ 0.75 ಸ್ಯಾಂಪಲ್ ತಡ, ತೀರ ವೇಗದ್ದಕ್ಕೆ 0.5. ಇಸಿಜಿಯಲ್ಲಿ ತಡ ಹೀಗೆ ಹೆಚ್ಚುಕಮ್ಮಿಯಾದರೆ ಚೂಪು ಮುಳ್ಳು ಒಂದು ಕಡೆ ಹೋಗಿ, ಅದರ ಹಿಂದಿನ ದಿಬ್ಬ ಇನ್ನೊಂದು ಕಡೆ ಹೋಗುತ್ತೆ. ಅಂತರ ಅಳೆಯುವವರಿಗೆ ಅದೇ ಪೆಟ್ಟು.

ಹಾಗಾಗಿ ನನ್ನ ಓಟು ‘ಸಮತಡ’ಕ್ಕೆ.

ಇನ್ನೊಂದು ಮಾತು ಮೇಷ್ಟ್ರೇ. ನಿಮ್ಮ ಹುಡುಗರು ಕಿಟಕಿಯನ್ನು ಇವೆರಡರಲ್ಲಿ ಯಾವುದರಿಂದ ತಂದರು ನೋಡಿ:

```
w = get_window('hamming', 101)
w = get_window('hamming', 101, fftbins=False)
```

ಪೈಥಾನಿನ ಸೈಪೈನಲ್ಲಿ ಮೊದಲನೆಯದರ ಎರಡು ತುದಿ 0.0800 ಮತ್ತು 0.0809. ಸ್ಪೆಕ್ಟ್ರಂ ನೋಡುವುದಕ್ಕೆ ಮಾಡಿದ ಕಿಟಕಿ ಅದು, ಫಿಲ್ಟರಿಗೆ ಬೇಕಿರುವುದು ಎರಡನೆಯದು. ಮೊದಲನೆಯದನ್ನು ಹಾಕಿದರೆ ನೋಡೋಕೆ ಏನೂ ಗೊತ್ತಾಗಲ್ಲ, ಜೋಡಿ ಮಾತ್ರ ಮುರಿದಿರುತ್ತೆ. ಕಿಟಕಿಯಿಂದ ಗುಣಿಸಿದ ಮೇಲಿನ ಗುಣಕಗಳು `h` ಅಂತಿರಲಿ, ಅವನ್ನು ತಿರುಗಿಸಿ ಹೋಲಿಸಿದರೆ ಸಿಕ್ಕಿಬೀಳುತ್ತೆ:

```
np.allclose(h, h[::-1])
```

ತುಮಕೂರಿನಿಂದ, ಮತ್ತೆ

`False` ಬಂತು! ಒಂದು ವಾರದಿಂದ ಅದನ್ನೇ ಬೋರ್ಡಿನ ಮೇಲೆ ‘ಲೀನಿಯರ್’ ಅಂತ ಹೇಳಿಕೊಡುತ್ತಿದ್ದೆ. `fftbins=False` ಹಾಕಿದ ಮೇಲೆ ಸರಿಹೋಯ್ತು. ‘ಸಮತಡ’ ಅಂದರೆ ಹಿಂದಿನ ಬೆಂಚಿಗೂ ತಿಳಿಯುತ್ತೆ. ಆದರೆ ಪರೀಕ್ಷೆ ಪೇಪರಿನಲ್ಲಿ ‘ಲೀನಿಯರ್ ಫೇಸ್’ ಅಂತಲೇ ಬರುತ್ತಲ್ವಾ?

ಗೌರಿಬಿದನೂರಿನಿಂದ

ಬರುತ್ತೆ. ನನ್ನ ಪದದಲ್ಲೇ ಒಂದು ತೊಡಕೂ ಇದೆ. ಬಲಗಡೆ ಅದೇ ಸಂಖ್ಯೆ ಇದ್ದು ಚಿಹ್ನೆ ಮಾತ್ರ ತಿರುಗಿದ್ದರೆ, -1, 0, 1 ಥರ, ಅಲ್ಲೂ ತಡ ಎಲ್ಲಕ್ಕೂ ಒಂದೇ. ಆದರೆ ಅದರ ಮೇಲೆ 90 ಡಿಗ್ರಿ ತಿರುವು ಸೇರಿಕೊಳ್ಳುತ್ತೆ, ಅಲೆಯ ಆಕಾರ ಉಳಿಯಲ್ಲ. ‘ಸಮತಡ’ ಎರಡಕ್ಕೂ ಅನ್ವಯಿಸಿಬಿಡುತ್ತೆ.

ಕೋಲಾರದಿಂದ

ಹಾಗಾದರೆ ಚಿಹ್ನೆ ತಿರುಗದೆ ಇರುವುದಕ್ಕೆ ‘ನೇರ ಸಮತಡ’ ಅನ್ನಬಹುದಾ? ಕಿವಿಗೆ ಸ್ವಲ್ಪ ಒರಟು, ಒಪ್ಪಿಕೊಳ್ತೀನಿ.